ಐಸ್ ಪ್ಲಾಂಟ್‌ನಲ್ಲಿ ಅಮೋನಿಯಾ ಸೋರಿಕೆ: ಟಾಪ್‌ಅಪ್ ಸಿಲಿಂಡರ್ ಹೇಳುವ ಲೆಕ್ಕ ಮತ್ತು ಮೊದಲ ಹತ್ತು ನಿಮಿಷ

2020ರಲ್ಲಿ ಎರಡು ತಿಂಗಳ ಅಂತರದಲ್ಲಿ ಆಂಧ್ರದ ರಾಯಲಸೀಮೆಯಲ್ಲಿ ಎರಡು ಕಡೆ ಅಮೋನಿಯಾ ಸೋರಿಕೆಯಾಯಿತು. ಜೂನ್ 27ರಂದು ನಂದ್ಯಾಲದ ಎಸ್‌ಪಿವೈ ಆಗ್ರೋ ಇಂಡಸ್ಟ್ರೀಸ್‌ನಲ್ಲಿ ಅನಿಲ ಹೊರಬಂದು ಸಂಸ್ಥೆಯ ಜನರಲ್ ಮ್ಯಾನೇಜರ್ ಪ್ರಾಣ ಕಳೆದುಕೊಂಡರು. ಆಗಸ್ಟ್ 20ರಂದು ಚಿತ್ತೂರು ಜಿಲ್ಲೆಯ ಪೂತಲಪಟ್ಟು ಬಳಿಯ ಹಟ್ಸನ್ ಡೈರಿಯಲ್ಲಿ ಸೋರಿದ ಅಮೋನಿಯಾದಿಂದ ಹತ್ತಕ್ಕೂ ಹೆಚ್ಚು ಕಾರ್ಮಿಕರು ಆಸ್ಪತ್ರೆ ಸೇರಿದರು. ಅವರಲ್ಲಿ ಹೆಚ್ಚಿನವರು ಮಹಿಳೆಯರು.

ಇವೆರಡೂ ಐಸ್ ಪ್ಲಾಂಟ್‌ಗಳಲ್ಲ. ಆದರೆ ಇದೇ ಅನಿಲ ಮಂಗಳೂರಿನ ಬಂದರು ಧಕ್ಕೆ, ಉಳ್ಳಾಲ, ಮಲ್ಪೆಯ ಐಸ್ ಪ್ಲಾಂಟ್‌ಗಳಲ್ಲೂ ಇದೆ, ಒಳನಾಡಿನ ಪಟ್ಟಣಗಳ ಐಸ್ ಫ್ಯಾಕ್ಟರಿ, ಕೋಲ್ಡ್ ಸ್ಟೋರೇಜ್‌ಗಳಲ್ಲೂ ಇದೆ. ಮೀನಿನ ವ್ಯಾಪಾರ ಮತ್ತು ಸಾಗಾಟದಲ್ಲಿರುವ ಬ್ಯಾರಿ ಕುಟುಂಬಗಳಿಗೆ ಐಸ್ ಪ್ಲಾಂಟ್ ದಿನನಿತ್ಯದ ಜಾಗ. ಐಸ್ ತುಂಬಿಸಲು ಹೋಗುವ ಲಾರಿ ಚಾಲಕ, ಕ್ಯಾನ್ ಎತ್ತುವ ಹುಡುಗ, ರಾತ್ರಿ ಪಾಳಿಯ ಆಪರೇಟರ್ ಎಲ್ಲರೂ ಆ ವಾಸನೆಗೆ ಒಗ್ಗಿಹೋಗಿರುತ್ತಾರೆ. ಅಪಾಯ ಇರುವುದು ಈ ಒಗ್ಗಿಹೋಗುವುದರಲ್ಲೇ. ದೊಡ್ಡ ಸೋರಿಕೆಗೆ ಮೊದಲು ಹೆಚ್ಚಿನ ಪ್ಲಾಂಟ್‌ಗಳಲ್ಲಿ ಸಣ್ಣ ಸೋರಿಕೆ ತಿಂಗಳುಗಟ್ಟಲೆ ನಡೆದಿರುತ್ತದೆ. ಅದನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಏನು ಮಾಡಬೇಕು, ಏನು ಮಾಡಲೇಬಾರದು ಎಂಬ ವಿವರ ಇಲ್ಲಿದೆ.

ಅಮೋನಿಯಾ ಎಲ್ಲಿರುತ್ತದೆ, ಹೇಗೆ ವರ್ತಿಸುತ್ತದೆ

ಬ್ಲಾಕ್ ಐಸ್ ಮಾಡುವ ಪ್ಲಾಂಟ್‌ನಲ್ಲಿ ನೀರು ತುಂಬಿದ ಕ್ಯಾನ್‌ಗಳನ್ನು ಉಪ್ಪುನೀರಿನ ಟ್ಯಾಂಕ್‌ನಲ್ಲಿ, ಅಂದರೆ ಬ್ರೈನ್ ಟ್ಯಾಂಕ್‌ನಲ್ಲಿ ಇಳಿಸುತ್ತಾರೆ. ಬ್ರೈನ್ ಸೊನ್ನೆಗಿಂತ ಸುಮಾರು 8ರಿಂದ 10 ಡಿಗ್ರಿ ಕೆಳಗಿರುತ್ತದೆ, ಆದರೂ ಗಟ್ಟಿಯಾಗುವುದಿಲ್ಲ. ಬ್ರೈನನ್ನು ತಣ್ಣಗಾಗಿಸುವುದು ಅದರೊಳಗೆ ಮುಳುಗಿರುವ ಕಬ್ಬಿಣದ ಕಾಯಿಲ್. ಆ ಕಾಯಿಲ್ ಒಳಗೆ ದ್ರವ ಅಮೋನಿಯಾ ಕುದಿದು ಆವಿಯಾಗುತ್ತದೆ. ಆವಿಯನ್ನು ಕಂಪ್ರೆಸರ್ ಎಳೆದು ಒತ್ತುತ್ತದೆ, ಕಂಡೆನ್ಸರ್‌ನಲ್ಲಿ ಅದು ಮತ್ತೆ ದ್ರವವಾಗಿ ರಿಸೀವರ್‌ನಲ್ಲಿ ಶೇಖರವಾಗುತ್ತದೆ. ರಿಸೀವರ್‌ನಿಂದ ದ್ರವ ಹೊರಡುವ ಜಾಗದಲ್ಲಿರುವ ಮುಖ್ಯ ವಾಲ್ವನ್ನು ಕಿಂಗ್ ವಾಲ್ವ್ ಎನ್ನುತ್ತಾರೆ. ಪ್ಲಾಂಟ್‌ಗೆ ಹೊಸದಾಗಿ ಸೇರುವ ಹುಡುಗನಿಗೆ ಮೊದಲ ದಿನವೇ ತೋರಿಸಬೇಕಾದ ವಾಲ್ವ್ ಇದು.

ಸಾಮಾನ್ಯ ಒತ್ತಡದಲ್ಲಿ ಅಮೋನಿಯಾ ಮೈನಸ್ 33 ಡಿಗ್ರಿಯಲ್ಲೇ ಕುದಿಯುತ್ತದೆ. ಹಾಗಾಗಿ ಪೈಪ್‌ನಿಂದ ಹೊರಬಿದ್ದ ದ್ರವ ತಕ್ಷಣ ಆವಿಯಾಗತೊಡಗುತ್ತದೆ. ಒಂದು ಲೀಟರ್ ದ್ರವ ಸುಮಾರು 850 ಲೀಟರ್ ಅನಿಲವಾಗುತ್ತದೆ. ಶುದ್ಧ ಅಮೋನಿಯಾ ಗಾಳಿಗಿಂತ ಹಗುರ, ಮೇಲಕ್ಕೆ ಹೋಗುತ್ತದೆ ಎಂದು ಆಪರೇಟರ್‌ಗಳಿಗೆ ಹೇಳಿಕೊಟ್ಟಿರುತ್ತಾರೆ. ಸಣ್ಣ ಸೋರಿಕೆಯ ಮಟ್ಟಿಗೆ ಅದು ಸರಿ. ಆದರೆ ದ್ರವವೇ ಚಿಮ್ಮಿದಾಗ ಹಾಗಾಗುವುದಿಲ್ಲ. ಅತಿ ತಣ್ಣನೆಯ ಅನಿಲ ಗಾಳಿಯ ತೇವಾಂಶದ ಜೊತೆ ಸೇರಿ ಬಿಳಿ ಮಂಜಿನಂತೆ ನೆಲಕ್ಕೆ ಅಂಟಿಕೊಂಡೇ ಹರಡುತ್ತದೆ. ‘ಮೇಲೆ ಹೋಗುತ್ತದಲ್ಲ, ಬಗ್ಗಿಕೊಂಡು ಹೋದರೆ ಆಯ್ತು’ ಎಂದು ಲೆಕ್ಕ ಹಾಕಿ ಬಿಳಿ ಮೋಡದೊಳಗೆ ನುಗ್ಗಿದವರು ಹೊರಬರುವುದು ಕಷ್ಟ.

ಪ್ರಮಾಣದ ಲೆಕ್ಕ ಪಿಪಿಎಂನಲ್ಲಿ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅಮೋನಿಯಾ ಎಷ್ಟು ಭಾಗ ಎಂದು. ನಾಲ್ಕು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು. ಹೊಸಬರ ಮೂಗಿಗೆ 5 ಪಿಪಿಎಂ ಆಸುಪಾಸಿನಲ್ಲೇ ವಾಸನೆ ಗೊತ್ತಾಗುತ್ತದೆ. ಎಂಟು ಗಂಟೆಯ ಕೆಲಸಕ್ಕೆ ಮಿತಿ 25. 300 ದಾಟಿದರೆ ಅದು ಜೀವಕ್ಕೇ ಅಪಾಯ, ಉಸಿರಾಟದ ಸಾಧನವಿಲ್ಲದೆ ಅಲ್ಲಿ ನಿಲ್ಲಬಾರದು. 5,000 ಮತ್ತು ಅದಕ್ಕಿಂತ ಮೇಲೆ ಕೆಲವೇ ನಿಮಿಷಗಳಲ್ಲಿ ಸಾವು ಸಂಭವಿಸಬಹುದು. ಮೂಗು ಒಳ್ಳೆಯ ಎಚ್ಚರಿಕೆ ಗಂಟೆ, ಆದರೆ ಅಳತೆಗೋಲಲ್ಲ. ದಿನವೂ ಅಲ್ಲೇ ಇರುವವರಿಗೆ 25 ದಾಟಿದರೂ ‘ಮಾಮೂಲಿ ವಾಸನೆ’ ಅನಿಸಬಹುದು.

ಫರ್ನೀ ಪಟ್ಟಣದಲ್ಲಿ ನಡೆದದ್ದು

ಸಣ್ಣ ಸೋರಿಕೆಯನ್ನು ತಿಳಿದೂ ಮುಂದಕ್ಕೆ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಪೂರ್ತಿ ತನಿಖೆಯಾದ ಒಂದು ಪ್ರಕರಣ ಕೆನಡಾದ್ದು. ಅಲ್ಲಿ ಸ್ಕೇಟಿಂಗ್ ಆಡುವ ಮಂಜುಗಡ್ಡೆಯ ಅಂಗಣವನ್ನೂ ಅಮೋನಿಯಾ ಮತ್ತು ಬ್ರೈನ್‌ನಿಂದಲೇ ತಣ್ಣಗಿಡುತ್ತಾರೆ. ಯಂತ್ರದ ಮೂಲ ಕೆಲಸ ಐಸ್ ಪ್ಲಾಂಟ್‌ನದ್ದೇ. ಒಂದು ವ್ಯತ್ಯಾಸವೆಂದರೆ, ಅಲ್ಲಿ ಬ್ರೈನ್ ತೆರೆದ ಟ್ಯಾಂಕ್‌ನಲ್ಲಿ ಇರುವುದಿಲ್ಲ, ಮುಚ್ಚಿದ ಚಿಲ್ಲರ್ ಮತ್ತು ಪೈಪ್‌ಗಳಲ್ಲಿ ಸುತ್ತುತ್ತದೆ.

ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಫರ್ನೀ ಎಂಬ ಸಣ್ಣ ಪಟ್ಟಣದ ಅಂಗಣದಲ್ಲಿ ಚಿಲ್ಲರ್ ತನ್ನ ಆಯುಸ್ಸು ಮೀರಿ ಓಡುತ್ತಿತ್ತು. ಬದಲಾಯಿಸುವ ಯೋಜನೆ ಇದ್ದರೂ ಮುಂದೂಡಲಾಗಿತ್ತು. 2017ರ ವಸಂತದಲ್ಲಿ ಬ್ರೈನನ್ನು ಪರೀಕ್ಷಿಸಿದಾಗ ಅದರಲ್ಲಿ ಅಮೋನಿಯಾ ಸಿಕ್ಕಿತು. ಅಂದರೆ ಒಳಗಿನ ಕೊಳವೆ ಎಲ್ಲೋ ತೂತಾಗಿದೆ ಎಂದು ಆಗಲೇ ತಿಳಿದಿತ್ತು. ಆದರೂ ಹೊಸ ಸೀಸನ್‌ಗೆ ಅಕ್ಟೋಬರ್‌ನಲ್ಲಿ ಅದೇ ಚಿಲ್ಲರನ್ನು ಚಾಲೂ ಮಾಡಿದರು.

ಅಕ್ಟೋಬರ್ 17ರ ನಸುಕಿನಲ್ಲಿ ಅಲಾರಂ ಬಾರಿಸಿತು. ಯಂತ್ರ ನಿಲ್ಲಿಸಿ ಸರಿಪಡಿಸುವ ಕೆಲಸ ಶುರುವಾಯಿತು. ಆದರೆ ಅಮೋನಿಯಾ ತೂತಿನ ಮೂಲಕ ಬ್ರೈನ್ ಕಡೆಗೆ ನುಗ್ಗುತ್ತಲೇ ಇತ್ತು. ಮುಚ್ಚಿದ ಪೈಪ್‌ನೊಳಗೆ ಒತ್ತಡ ಏರಿತು. ಬ್ರೈನ್ ಪೈಪ್‌ಗಳನ್ನು ಅಮೋನಿಯಾದ ಒತ್ತಡ ತಡೆಯುವಂತೆ ಮಾಡಿರುವುದಿಲ್ಲ. ಕೆಲವು ಗಂಟೆಗಳ ನಂತರ ಒಂದು ಜೋಡಣೆ ಕಳಚಿತು, ಯಂತ್ರದ ಕೋಣೆ ಅಮೋನಿಯಾದಿಂದ ತುಂಬಿತು. ಒಳಗಿದ್ದ ಮೂವರು ತೀರಿಕೊಂಡರು. ಇಬ್ಬರು ನಗರಾಡಳಿತದ ನೌಕರರು, ಒಬ್ಬರು ರೆಫ್ರಿಜರೇಶನ್ ಮೆಕ್ಯಾನಿಕ್. ಸುತ್ತಲಿನ ಮನೆಗಳನ್ನು ಖಾಲಿ ಮಾಡಿಸಬೇಕಾಯಿತು. ಇಷ್ಟಕ್ಕೆಲ್ಲ ಮೂಲ ಒಂದು ಕೊಳವೆಯಲ್ಲಿ ತುಕ್ಕಿನಿಂದಾದ ಸಣ್ಣ ರಂಧ್ರ.

ಬ್ಲಾಕ್ ಐಸ್ ಪ್ಲಾಂಟ್‌ನ ಟ್ಯಾಂಕ್ ತೆರೆದಿರುವುದರಿಂದ ಬ್ರೈನ್ ಕಡೆ ಹೀಗೆ ಒತ್ತಡ ಏರಲಾರದು. ಆದರೆ ತೂತು ಅದೇ ತೂತು. ಕಾಯಿಲ್‌ನಿಂದ ಸೋರಿದ ಅಮೋನಿಯಾ ಉಪ್ಪುನೀರಿನಲ್ಲಿ ಕರಗಿ ಕಣ್ಣಿಗೆ ಕಾಣದಂತಾಗುತ್ತದೆ. ಮರದ ಮುಚ್ಚಳಗಳ ಕೆಳಗೆ ವಾಸನೆ ಕೂಡಿಕೊಂಡಿರುತ್ತದೆ, ಮುಚ್ಚಳ ತೆಗೆದು ಕ್ಯಾನ್ ಎತ್ತುವವನ ಮುಖಕ್ಕೇ ಬಡಿಯುತ್ತದೆ. ಒಂದು ದಿನ ಆ ರಂಧ್ರ ಬಾಯಿ ಬಿಟ್ಟರೆ, ಅಮೋನಿಯಾ ಬರುವುದು ಯಂತ್ರದ ಕೋಣೆಗಲ್ಲ, ಹೆಚ್ಚು ಜನ ಕೆಲಸ ಮಾಡುವ ಟ್ಯಾಂಕ್ ಹಾಲ್‌ಗೆ.

ಸಿಲಿಂಡರ್ ಲೆಕ್ಕವೇ ಮೊದಲ ಡಿಟೆಕ್ಟರ್

ಅಮೋನಿಯಾ ಡೀಸೆಲ್‌ನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಅದೇ ಅನಿಲ ಅದೇ ಪೈಪ್‌ಗಳಲ್ಲಿ ವರ್ಷಗಟ್ಟಲೆ ಸುತ್ತುತ್ತದೆ. ಹಾಗಾಗಿ ‘ಗ್ಯಾಸ್ ಕಡಿಮೆಯಾಗಿದೆ, ಟಾಪ್‌ಅಪ್ ಮಾಡಿ’ ಎಂಬ ಮಾತಿಗೆ ಒಂದೇ ಅರ್ಥ, ಅಷ್ಟು ಅಮೋನಿಯಾ ಎಲ್ಲೋ ಹೊರಗೆ ಹೋಗಿದೆ.

ಒಂದು ಉದಾಹರಣೆ. ಒಂದು ಪ್ಲಾಂಟ್‌ನವರು ವರ್ಷದಲ್ಲಿ 50 ಕಿಲೋದ ನಾಲ್ಕು ಸಿಲಿಂಡರ್ ಹಾಕಿಸುತ್ತಾರೆ ಎಂದುಕೊಳ್ಳೋಣ. ಒಟ್ಟು 200 ಕಿಲೋ. ದೊಡ್ಡ ರಿಪೇರಿಗೆ ಸಿಸ್ಟಂ ಬಿಚ್ಚಿದಾಗ, ಆಯಿಲ್ ತೆಗೆದಾಗ, ಒಳಗೆ ಸೇರಿದ ಗಾಳಿಯನ್ನು ಹೊರಬಿಟ್ಟಾಗ 50 ಕಿಲೋ ಹೋಗಿದೆ ಎಂದು ಬಿಟ್ಟರೂ 150 ಕಿಲೋಗೆ ಲೆಕ್ಕ ಬೇಕು. ಅಂದರೆ ದಿನಕ್ಕೆ ಸರಾಸರಿ 400 ಗ್ರಾಂ. ಕಂಪ್ರೆಸರ್‌ನ ಶಾಫ್ಟ್ ಸೀಲ್, ವಾಲ್ವ್‌ಗಳ ಗ್ಲಾಂಡ್, ಫ್ಲ್ಯಾಂಜ್‌ನ ಪ್ಯಾಕಿಂಗ್ ಇಲ್ಲೆಲ್ಲ ಸೋರಿದ್ದರೆ ಕೋಣೆಯಲ್ಲಿ ವಾಸನೆ ಕಟ್ಟಿರಬೇಕಿತ್ತು. ಕೋಣೆಯಲ್ಲಿ ವಾಸನೆ ಇಲ್ಲ, ಆದರೆ ಗ್ಯಾಸ್ ಕಡಿಮೆಯಾಗುತ್ತಿದೆ ಎಂದಾದರೆ ಅನುಮಾನ ನೇರವಾಗಿ ಎರಡು ಕಡೆ ಹೋಗಬೇಕು: ಒಂದು ಬ್ರೈನ್ ಟ್ಯಾಂಕ್, ಇನ್ನೊಂದು ಕಂಡೆನ್ಸರ್‌ನ ನೀರು. ಎರಡೂ ಕಡೆ ಅಮೋನಿಯಾ ನೀರಿನಲ್ಲಿ ಕರಗಿ ಅಡಗುತ್ತದೆ.

ಆದ್ದರಿಂದ ಪ್ಲಾಂಟ್‌ನಲ್ಲಿ ಒಂದು ರಿಜಿಸ್ಟರ್ ಇರಬೇಕು. ಯಾವ ದಿನ ಎಷ್ಟು ಕಿಲೋ ಹಾಕಿದರು, ಯಾಕೆ ಹಾಕಬೇಕಾಯಿತು, ಎಲ್ಲಿ ಸೋರಿದ್ದು ಸಿಕ್ಕಿತು ಎಂಬ ಮೂರು ಕಾಲಂ ಸಾಕು. ಮೂರನೇ ಕಾಲಂ ಖಾಲಿ ಬಿಟ್ಟು ಎರಡನೇ ಸಿಲಿಂಡರ್ ಹಾಕಬಾರದು.

ಹುಡುಕುವ ವಿಧಾನ ಕಷ್ಟದ್ದಲ್ಲ. ಜಾಯಿಂಟ್ ಮತ್ತು ಗ್ಲಾಂಡ್‌ಗಳ ಬಳಿ ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದ ಹಿಡಿದರೆ ಅಮೋನಿಯಾ ಇರುವಲ್ಲಿ ನೀಲಿಯಾಗುತ್ತದೆ. ಹಳಬರು ಗಂಧಕದ ಬತ್ತಿ ಹಚ್ಚಿ ಹಿಡಿಯುತ್ತಾರೆ, ಸೋರುವ ಜಾಗದಲ್ಲಿ ದಟ್ಟ ಬಿಳಿ ಹೊಗೆ ಏಳುತ್ತದೆ. ಆದರೆ ಆ ಬತ್ತಿಯ ಹೊಗೆಯೂ ಉಸಿರಿಗೆ ಕೆಟ್ಟದ್ದು, ಜೊತೆಗೆ ಅದು ಬೆಂಕಿ. ಗಾಳಿಯಲ್ಲಿ ಅಮೋನಿಯಾ ಶೇಕಡಾ 15ರ ಹತ್ತಿರ ಮುಟ್ಟಿದರೆ ಹೊತ್ತಿಕೊಳ್ಳಬಲ್ಲದು. ವಾಸನೆ ಜೋರಾಗಿರುವ ಕೋಣೆಗೆ ಬತ್ತಿ ಒಯ್ಯಲೇಬಾರದು.

ಬ್ರೈನ್‌ಗೆ ಬೇರೆ ಪರೀಕ್ಷೆ. ತಿಂಗಳಿಗೊಮ್ಮೆ ಕಾಯಿಲ್ ಪಕ್ಕದಿಂದ ಒಂದು ಗ್ಲಾಸ್ ಬ್ರೈನ್ ತೆಗೆದು ಅದಕ್ಕೆ ಎರಡು ಹನಿ ಫಿನಾಲ್ಫ್ಥಲೀನ್ ಹಾಕಬೇಕು. ಶಾಲೆಯ ಲ್ಯಾಬ್‌ನಲ್ಲಿ ಬಳಸುವ ದ್ರಾವಣವೇ ಇದು. ಬ್ರೈನ್‌ನಲ್ಲಿ ಅಮೋನಿಯಾ ಸೇರಿದ್ದರೆ ಗುಲಾಬಿ ಬಣ್ಣ ಬರುತ್ತದೆ. ಇಲ್ಲೊಂದು ಮಿತಿ ಇದೆ. ಕೆಲವರು ತುಕ್ಕು ತಡೆಯಲು ಬ್ರೈನ್‌ಗೆ ಕ್ಷಾರ ಸೇರಿಸುತ್ತಾರೆ, ಆಗ ಅಮೋನಿಯಾ ಇಲ್ಲದಿದ್ದರೂ ಗುಲಾಬಿಯಾಗಬಹುದು. ಅನುಮಾನ ಬಂದರೆ ಗ್ಲಾಸ್‌ನಲ್ಲಿರುವ ಬ್ರೈನನ್ನು ಪ್ಲಾಂಟ್‌ನ ಹೊರಗೆ ಸ್ವಲ್ಪ ಬಿಸಿ ಮಾಡಿ, ಮೇಲೇಳುವ ಆವಿಗೆ ಒದ್ದೆ ಕೆಂಪು ಲಿಟ್ಮಸ್ ಹಿಡಿಯಬೇಕು. ಕಾಗದವನ್ನು ಬ್ರೈನ್‌ಗೆ ತಾಗಿಸಬಾರದು. ಆವಿಯಿಂದಲೇ ಕಾಗದ ನೀಲಿಯಾದರೆ ಅದು ಅಮೋನಿಯಾ. ಆಮೇಲೆ ಮಾಡಬೇಕಾದ್ದು ಕಾಯಿಲ್ ನಿಲ್ಲಿಸಿ, ಖಾಲಿ ಮಾಡಿ, ಒತ್ತಡ ಪರೀಕ್ಷೆ ಮಾಡಿಸುವುದು. ‘ಈ ಸೀಸನ್ ಮುಗಿಯಲಿ’ ಎಂದು ಕಾಯುವುದು ಫರ್ನೀಯಲ್ಲಿ ಮಾಡಿದ ಕೆಲಸ.

ಯಂತ್ರದ ಕೋಣೆಯಲ್ಲಿ ಎಲೆಕ್ಟ್ರಾನಿಕ್ ಡಿಟೆಕ್ಟರ್ ಇದ್ದರೆ 25 ಪಿಪಿಎಂಗೆ ಎಚ್ಚರಿಕೆ, 150ಕ್ಕೆ ದೊಡ್ಡ ಅಲಾರಂ ಮತ್ತು ಫ್ಯಾನ್ ತಾನಾಗಿ ಚಾಲೂ ಎಂದು ಹೊಂದಿಸುವುದು ರೂಢಿ. ಅಲಾರಂನ ಗಂಟೆ ಮತ್ತು ದೀಪ ಬಾಗಿಲ ಹೊರಗೂ ಇರಬೇಕು. ಒಳಗೆ ಮಾತ್ರ ಬಾರಿಸಿದರೆ ಅದನ್ನು ಕೇಳಲು ಒಳಗೇ ಹೋಗಬೇಕಾಗುತ್ತದೆ. ಇಂಥ ಸೆನ್ಸರ್‌ಗಳಿಗೂ ಆಯುಸ್ಸಿದೆ, ಸಾಮಾನ್ಯವಾಗಿ ಎರಡು ಮೂರು ವರ್ಷ. ಒಮ್ಮೆ ಜೋರು ಸೋರಿಕೆಗೆ ಸಿಕ್ಕ ಸೆನ್ಸರ್ ಕೆಟ್ಟಿರಬಹುದು. ದೀಪ ಹಸಿರಾಗಿದೆ ಎಂದು ನಂಬದೆ, ಟೆಸ್ಟ್ ಗ್ಯಾಸ್ ಹಿಡಿಸಿ ಆಗಾಗ ನೋಡಿಸಬೇಕು.

ಹೆಚ್ಚು ಅಪಾಯ ತರುವ ಕೆಲಸ: ಆಯಿಲ್ ತೆಗೆಯುವುದು

ಪೈಪ್ ತಾನಾಗಿ ಒಡೆದು ಆಗುವ ಅಪಘಾತಕ್ಕಿಂತ ರಿಪೇರಿ, ನಿರ್ವಹಣೆಯ ಹೊತ್ತಲ್ಲಿ ಆಗುವ ಅಪಘಾತವನ್ನೇ ಆಪರೇಟರ್ ಹೆಚ್ಚು ಎದುರಿಸಬೇಕಾಗುತ್ತದೆ. ಅದರಲ್ಲಿ ಆಯಿಲ್ ಡ್ರೈನ್ ಮುಖ್ಯವಾದದ್ದು. ಕಂಪ್ರೆಸರ್‌ನ ಆಯಿಲ್ ಸ್ವಲ್ಪ ಸ್ವಲ್ಪವಾಗಿ ಅಮೋನಿಯಾ ಜೊತೆ ಹೋಗಿ ರಿಸೀವರ್, ಕಾಯಿಲ್, ಅಕ್ಯುಮುಲೇಟರ್‌ಗಳ ತಳದಲ್ಲಿ ಕೂರುತ್ತದೆ. ಅದನ್ನು ಕೆಳಗಿನ ವಾಲ್ವ್‌ನಿಂದ ಆಗಾಗ ಹೊರತೆಗೆಯಬೇಕು.

ತಣ್ಣಗಾದ ಆಯಿಲ್ ಗ್ರೀಸ್‌ನಂತೆ ಗಟ್ಟಿಯಾಗಿರುತ್ತದೆ. ವಾಲ್ವ್ ಸ್ವಲ್ಪ ತೆರೆದರೆ ಏನೂ ಬರುವುದಿಲ್ಲ. ಇನ್ನೂ ಸ್ವಲ್ಪ ತೆರೆಯುತ್ತಾರೆ, ಆಗಲೂ ಬರುವುದಿಲ್ಲ. ಕೊನೆಗೆ ಪೂರ್ತಿ ತೆರೆದು ಬೇರೆ ಕೆಲಸಕ್ಕೆ ತಿರುಗುತ್ತಾರೆ. ಆಗ ಗಟ್ಟಿ ಆಯಿಲ್ ಒಮ್ಮೆಗೇ ಹಾರಿಹೋಗಿ ಅದರ ಹಿಂದಿನ ದ್ರವ ಅಮೋನಿಯಾ ರಭಸದಿಂದ ಚಿಮ್ಮುತ್ತದೆ. ವಾಲ್ವ್ ಮುಚ್ಚಲು ಹೋಗಬೇಕಾದ ಜಾಗವೇ ಬಿಳಿ ಮೋಡದ ನಡುವೆ ಇರುತ್ತದೆ.

ಇದನ್ನು ತಡೆಯಲು ದುಬಾರಿ ಯಂತ್ರ ಬೇಡ. ಡ್ರೈನ್ ಲೈನ್‌ನಲ್ಲಿ ಸಾಮಾನ್ಯ ವಾಲ್ವ್‌ನ ಜೊತೆಗೆ ಸ್ಪ್ರಿಂಗ್ ಇರುವ, ಕೈ ಬಿಟ್ಟ ಕೂಡಲೇ ತಾನಾಗಿ ಮುಚ್ಚಿಕೊಳ್ಳುವ ಒಂದು ವಾಲ್ವ್ ಹಾಕಿಸಬೇಕು. ಓಡಿಹೋದರೂ ಅದು ಮುಚ್ಚಿರುತ್ತದೆ. ಕೈ ನೋಯುತ್ತದೆಂದು ಅದರ ಹಿಡಿಯನ್ನು ತಂತಿಯಿಂದ ಕಟ್ಟಿಟ್ಟರೆ ವಾಲ್ವ್ ಇದ್ದೂ ಇಲ್ಲದಂತೆ. ಇನ್ನೂ ಒಳ್ಳೆಯ ಕ್ರಮವೆಂದರೆ ಆಯಿಲನ್ನು ಮೊದಲು ಪ್ರತ್ಯೇಕ ಆಯಿಲ್ ಪಾಟ್‌ಗೆ ಇಳಿಸಿ, ಸಿಸ್ಟಂನಿಂದ ಅದನ್ನು ಬೇರ್ಪಡಿಸಿ, ಅದರಲ್ಲಿರುವ ಅಮೋನಿಯಾ ಸಕ್ಷನ್ ಲೈನ್‌ಗೆ ಹೋಗಲು ಸಮಯ ಕೊಟ್ಟು, ಪಾಟ್ ಬೆಚ್ಚಗಾದ ಮೇಲೆ ಹೊರತೆಗೆಯುವುದು. ಕೆಲಸಕ್ಕೆ ಇಬ್ಬರು ಬೇಕು, ಎರಡನೆಯವನು ಬಾಗಿಲ ಬಳಿ. ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್, ಬೆನ್ನ ಹಿಂದೆ ತೆರೆದ ದಾರಿ ಇರಬೇಕು. ವಾಲ್ವ್ ತೆರೆದಿಟ್ಟು ಯಾರೂ ಫೋನ್ ತೆಗೆಯಲೂ ಹೋಗಬಾರದು.

ಗಾಳಿ ಹೊರಹೋಗುವ ದಾರಿ

ಯಂತ್ರದ ಕೋಣೆಗೆ ತುರ್ತು ಫ್ಯಾನ್ ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ಅಂತಾರಾಷ್ಟ್ರೀಯವಾಗಿ ಬಳಸುವ ಅಳತೆ ಇದು: ಒಂದು ಗಂಟೆಯಲ್ಲಿ ಕೋಣೆಯ ಗಾಳಿ 30 ಸಲ ಬದಲಾಗಬೇಕು. 8 ಮೀಟರ್ ಉದ್ದ, 6 ಮೀಟರ್ ಅಗಲ, 4 ಮೀಟರ್ ಎತ್ತರದ ಕೋಣೆಯಲ್ಲಿ 192 ಘನ ಮೀಟರ್ ಗಾಳಿ ಇದೆ. ಅದನ್ನು 30ರಿಂದ ಗುಣಿಸಿದರೆ 5,760. ಗಂಟೆಗೆ ಇಷ್ಟು ಘನ ಮೀಟರ್ ಎಳೆಯುವ ಎಕ್ಸಾಸ್ಟ್ ಫ್ಯಾನ್ ಬೇಕು. ಖರೀದಿಸುವಾಗ ಫ್ಯಾನ್‌ನ ಇಂಚಿನ ಅಳತೆಗಿಂತ ಅದರ ಪ್ಲೇಟ್ ಮೇಲೆ ಬರೆದಿರುವ ಗಾಳಿಯ ಪ್ರಮಾಣ ನೋಡಬೇಕು.

ಫ್ಯಾನ್ ಗೋಡೆಯ ಮೇಲ್ಭಾಗದಲ್ಲಿ, ಹೊರಗಿನ ಗಾಳಿ ಬರುವ ಕಿಂಡಿ ಎದುರು ಗೋಡೆಯ ಕೆಳಭಾಗದಲ್ಲಿ ಇರಬೇಕು. ಎರಡೂ ಒಂದೇ ಗೋಡೆಯಲ್ಲಿದ್ದರೆ ಕಿಂಡಿಯಿಂದ ಬಂದ ಗಾಳಿ ಅಲ್ಲಿಂದಲೇ ಹೊರಹೋಗುತ್ತದೆ, ಯಂತ್ರದ ಹಿಂದಿನ ಮೂಲೆ ಹಾಗೇ ಉಳಿಯುತ್ತದೆ. ಮಳೆಗಾಲದಲ್ಲಿ ಎರಚಲು ಬರುತ್ತದೆಂದು ಕಿಂಡಿಗೆ ತಗಡು ಹೊಡೆದಿದ್ದರೆ ಫ್ಯಾನ್ ತಿರುಗಿದರೂ ಗಾಳಿ ಎಳೆಯಲಾರದು. ಸ್ವಿಚ್ ಬಾಗಿಲ ಹೊರಗೇ ಇರಬೇಕು. ಮೋಟಾರ್ ಕಿಡಿ ಹಾರದ ಬಗೆಯದ್ದಾಗಿರಬೇಕು. ಫ್ಯಾನ್‌ನ ಬಾಯಿ ಪಕ್ಕದ ಮನೆಯ ಕಿಟಕಿಗೋ ಓಣಿಗೋ ತಿರುಗಿರದೆ ಪೈಪ್ ಮೂಲಕ ಛಾವಣಿಯ ಮೇಲಕ್ಕೆ ಹೋಗಬೇಕು. ಟ್ಯಾಂಕ್ ಹಾಲ್ ಮತ್ತು ಯಂತ್ರದ ಕೋಣೆಯ ನಡುವೆ ಗೋಡೆ ಇದ್ದು, ಅಲ್ಲಿನ ಬಾಗಿಲು ತಾನಾಗಿ ಮುಚ್ಚುವಂತಿದ್ದರೆ ಒಂದರ ಸೋರಿಕೆ ಇನ್ನೊಂದಕ್ಕೆ ಬೇಗ ಹರಡುವುದಿಲ್ಲ. ಎರಡಕ್ಕೂ ಹೊರಕ್ಕೆ ತೆರೆದುಕೊಳ್ಳುವ ಎರಡೆರಡು ಬಾಗಿಲುಗಳಿರಬೇಕು. ಖಾಲಿ ಕ್ಯಾನ್ ರಾಶಿ ಹಾಕಿದ ಬಾಗಿಲು ಲೆಕ್ಕಕ್ಕಿಲ್ಲ.

ಒಂದು ಮಿತಿಯನ್ನು ಮರೆಯಬಾರದು. ದ್ರವ ಅಮೋನಿಯಾ ಚಿಮ್ಮುತ್ತಿರುವಾಗ ಎಷ್ಟು ದೊಡ್ಡ ಫ್ಯಾನ್ ಆದರೂ ಕೋಣೆಯನ್ನು ಉಸಿರಾಡುವಂತೆ ಮಾಡಲಾರದು. ಫ್ಯಾನ್ ಸಣ್ಣ ಸೋರಿಕೆಯನ್ನು ಹೊರಹಾಕಲು ಮತ್ತು ದೊಡ್ಡ ಸೋರಿಕೆ ನಿಂತ ಮೇಲೆ ಕೋಣೆ ಬೇಗ ಶುದ್ಧವಾಗಲು. ಒಳಗೆ ಹೋಗಲು ಅದು ಅನುಮತಿ ಚೀಟಿಯಲ್ಲ.

ಮೊದಲ ಹತ್ತು ನಿಮಿಷ

ಗುಮ್ಮಘಟ್ಟದಂಥ ಗಡಿ ಭಾಗದ ಊರಾಗಲಿ, ಕರಾವಳಿಯ ಇಕ್ಕಟ್ಟಾದ ಧಕ್ಕೆಯಾಗಲಿ, ಅಗ್ನಿಶಾಮಕ ವಾಹನ ಬರುವ ತನಕ ಪ್ಲಾಂಟ್‌ನವರೇ ನಿಭಾಯಿಸಬೇಕು. ಗುಮ್ಮಘಟ್ಟದವರಿಗೆ ಹತ್ತಿರದ ಪಟ್ಟಣ ರಾಯದುರ್ಗ, ವಾಹನ ಅಲ್ಲಿಂದ ಬರಬೇಕೆಂದರೆ ಸಮಯ ಹಿಡಿಯುತ್ತದೆ. ಆದ್ದರಿಂದ ಆ ಹತ್ತು ನಿಮಿಷದ ಗುರಿ ಸೋರಿಕೆ ನಿಲ್ಲಿಸುವುದಲ್ಲ. ಜನರನ್ನು ಹೊರತರುವುದು ಮತ್ತು ಹೊರಬಂದವರು ಮತ್ತೆ ಒಳಹೋಗದಂತೆ ನೋಡಿಕೊಳ್ಳುವುದು.

ಮೊದಲು ಕೂಗಿ ಎಲ್ಲರನ್ನೂ ಹೊರಡಿಸಬೇಕು. ಬಾಗಿಲ ಹೊರಗಿನ ಎಮರ್ಜೆನ್ಸಿ ಸ್ವಿಚ್ ಒತ್ತಿ ಕಂಪ್ರೆಸರ್ ನಿಲ್ಲಿಸಿ, ಹೊರಗಿನ ಸ್ವಿಚ್‌ನಿಂದಲೇ ಎಕ್ಸಾಸ್ಟ್ ಚಾಲೂ ಮಾಡಬೇಕು. ಕಿಂಗ್ ವಾಲ್ವ್ ಮುಚ್ಚುವುದು ಮೋಡದೊಳಗೆ ಕಾಲಿಡದೆ ಸಾಧ್ಯವಿದ್ದರೆ ಮಾತ್ರ. ಸಾಧ್ಯವಿದ್ದರೆ ಅದು ಬಹಳ ದೊಡ್ಡ ಸಹಾಯ, ಏಕೆಂದರೆ ರಿಸೀವರ್‌ನಲ್ಲಿರುವ ದ್ರವ ಅಲ್ಲೇ ಉಳಿಯುತ್ತದೆ. ಗಡಿಬಿಡಿಯಲ್ಲಿ ಕಂಡ ಕಂಡ ವಾಲ್ವ್ ಮುಚ್ಚುತ್ತಾ ಹೋಗಬಾರದು. ತಣ್ಣನೆಯ ದ್ರವ ತುಂಬಿದ ಪೈಪ್‌ನ ಎರಡೂ ತುದಿ ಮುಚ್ಚಿದರೆ, ಬಿಸಿಯಾಗಿ ಹಿಗ್ಗುವ ದ್ರವಕ್ಕೆ ಜಾಗವಿಲ್ಲದೆ ಪೈಪೇ ಒಡೆಯಬಹುದು.

ಹೊರಬಂದವರು ಗಾಳಿ ಬರುವ ದಿಕ್ಕಿಗೆ ಓಡಬೇಕು. ಮೋಡ ಎದುರಿಗೇ ಇದ್ದರೆ ಗಾಳಿಗೆ ಅಡ್ಡಲಾಗಿ, ಪಕ್ಕಕ್ಕೆ ಸರಿಯಬೇಕು. ಛಾವಣಿಯ ಮೇಲೆ ಒಂದು ಬಟ್ಟೆಯ ಪಟ್ಟಿ ಕಟ್ಟಿಟ್ಟರೆ ಗಾಳಿಯ ದಿಕ್ಕು ರಾತ್ರಿಯೂ ಟಾರ್ಚ್ ಬೆಳಕಿಗೆ ಕಾಣುತ್ತದೆ. ಮೂಗು ಬಾಯಿಗೆ ಒದ್ದೆ ಟವೆಲ್ ಹಿಡಿದರೆ ಹೊರಬರುವ ಅರ್ಧ ನಿಮಿಷಕ್ಕೆ ಸಹಾಯವಾಗುತ್ತದೆ, ಏಕೆಂದರೆ ಅಮೋನಿಯಾ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಅದೇ ಟವೆಲ್ ಕಟ್ಟಿಕೊಂಡು ಒಳಹೋಗುವುದು ಪ್ರಾಣಕ್ಕೆ ಎರವು. ನಿಗದಿಯಾದ ಜಾಗದಲ್ಲಿ ಸೇರಿ ತಲೆ ಎಣಿಸಬೇಕು. ಲಾರಿಯವರು, ಐಸ್ ಕೊಳ್ಳಲು ಬಂದವರು ಕೂಡ ಲೆಕ್ಕದಲ್ಲಿರಬೇಕು. 101 ಅಥವಾ 112ಕ್ಕೆ ಕರೆ ಮಾಡಿ ‘ಐಸ್ ಪ್ಲಾಂಟ್‌ನಲ್ಲಿ ಅಮೋನಿಯಾ ಸೋರಿಕೆ’ ಎಂದು ಅನಿಲದ ಹೆಸರು ಹೇಳಿಯೇ ತಿಳಿಸಬೇಕು. ಒಳಗೆ ಎಷ್ಟು ಜನ ಉಳಿದಿದ್ದಾರೆ, ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದನ್ನೂ ಹೇಳಬೇಕು.

ಒಬ್ಬ ಒಳಗೆ ಬಿದ್ದಿದ್ದಾನೆ ಎಂದು ಗೊತ್ತಾದ ಕ್ಷಣ ಎಲ್ಲಕ್ಕಿಂತ ಕಷ್ಟದ್ದು. ಅಣ್ಣನೋ ತಮ್ಮನೋ ಜೊತೆಗಾರನೋ ಆಗಿದ್ದರೆ ಯಾರಾದರೂ ನುಗ್ಗಿಯೇ ನುಗ್ಗುತ್ತಾರೆ. ಆದರೆ ಸಾಧನವಿಲ್ಲದೆ ಹೋದವನು ಎರಡನೆಯವನಾಗಿ ಬೀಳುತ್ತಾನೆ, ಮೊದಲನೆಯವನೂ ಉಳಿಯುವುದಿಲ್ಲ. ಕ್ಯಾನಿಸ್ಟರ್ ಇರುವ ಮಾಸ್ಕ್ ಹೊರಬರಲು ಇರುವುದು, ದಟ್ಟ ಮೋಡದೊಳಗೆ ಹೋಗಲು ಅಲ್ಲ. ಒಳಹೋಗಬೇಕಾದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಇರುವ ಉಸಿರಾಟದ ಸೆಟ್ ಬೇಕು, ಅದನ್ನು ಹಾಕಿ ಅಭ್ಯಾಸ ಇರಬೇಕು, ಮತ್ತು ಇಬ್ಬರು ಜೊತೆಯಾಗಿ ಹೋಗಬೇಕು. ಈ ಸೆಟ್ ಯಂತ್ರದ ಕೋಣೆಯ ಹೊರಗೆ ಇರಬೇಕು. ಒಳಗಿನ ಕಪಾಟಿನಲ್ಲಿಟ್ಟ ಸೆಟ್ ಯಾರಿಗೂ ಸಿಗುವುದಿಲ್ಲ.

ಗಡ್ಡ ಬಿಟ್ಟವರು ತಿಳಿದಿರಬೇಕಾದ ವಿಷಯವೂ ಒಂದಿದೆ. ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್‌ನ ರಬ್ಬರ್ ಅಂಚು ಗಡ್ಡದ ಮೇಲೆ ಸರಿಯಾಗಿ ಕೂರುವುದಿಲ್ಲ, ಕೂದಲ ನಡುವಿನಿಂದ ಅನಿಲ ಒಳಬರುತ್ತದೆ. ಅಂಥವರಿಗೆ ತಪ್ಪಿಸಿಕೊಂಡು ಹೊರಬರಲು ತಲೆಪೂರ್ತಿ ಮುಚ್ಚಿ ಕುತ್ತಿಗೆಯಲ್ಲಿ ಬಿಗಿಯಾಗುವ ಹುಡ್ ಸಿಗುತ್ತದೆ. ಪ್ಲಾಂಟ್‌ನವರು ಇಂಥದ್ದನ್ನು ತಂದಿಡಬೇಕು, ಒಳಹೋಗುವ ಕೆಲಸವನ್ನು ಮಾಸ್ಕ್ ಸರಿಯಾಗಿ ಕೂರುವ, ತರಬೇತಿ ಪಡೆದವರಿಗೆ ಮೊದಲೇ ಹಂಚಿರಬೇಕು.

ನೀರಿನ ವಿಷಯದಲ್ಲೂ ಎಚ್ಚರ ಬೇಕು. ಗಾಳಿಯಲ್ಲಿರುವ ಅಮೋನಿಯಾ ಮೋಡಕ್ಕೆ ದೂರದಿಂದ ಮಂಜಿನಂತೆ ನೀರು ಸಿಂಪಡಿಸಿದರೆ ಅನಿಲ ಕರಗಿ ಕಡಿಮೆಯಾಗುತ್ತದೆ. ಆದರೆ ನೆಲದ ಮೇಲೆ ನಿಂತ ದ್ರವ ಅಮೋನಿಯಾಗೆ ನೀರು ಬಿಡಬಾರದು. ನೀರಿನ ಬಿಸಿಗೆ ಅದು ಇನ್ನೂ ಜೋರಾಗಿ ಆವಿಯಾಗುತ್ತದೆ. ಅಮೋನಿಯಾ ಕರಗಿದ ನೀರು ಮೀನುಗಳಿಗೆ ವಿಷ. ಅದು ತೋಡು, ಕೆರೆ, ಹೊಳೆಗೆ ಹರಿಯದಂತೆ ಮಣ್ಣಿನ ಬದು ಹಾಕಿ ತಡೆಯಬೇಕು.

ಸುತ್ತಲಿನ ಮನೆಯವರಿಗೆ ಮಸೀದಿ, ದೇವಸ್ಥಾನ ಅಥವಾ ಪಂಚಾಯತ್‌ನ ಮೈಕ್‌ನಲ್ಲಿ ಒಂದೇ ಸ್ಪಷ್ಟ ಮಾತು ಹೇಳಬೇಕು. ಮೋಡ ಇನ್ನೂ ತಲುಪದ, ಗಾಳಿ ಬೀಸುವ ದಾರಿಯಿಂದ ಪಕ್ಕಕ್ಕೆ ಹೋಗಬಲ್ಲವರು ಹೋಗಬೇಕು. ಮೋಡ ಆಗಲೇ ಓಣಿಗೆ ಬಂದಿದ್ದರೆ ಬಾಗಿಲು ಕಿಟಕಿ ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ಇಟ್ಟು ಒಳಗೇ ಇರಬೇಕು. ನೋಡಲು ಬರುವ ಜನರನ್ನು ತಡೆಯುವುದು ಊರಿನ ಯುವಕರು ಮಾಡಬಹುದಾದ ದೊಡ್ಡ ಕೆಲಸ.

ಮೈಗೆ, ಕಣ್ಣಿಗೆ ತಾಗಿದರೆ

ಅಮೋನಿಯಾ ನೀರಿರುವ ಜಾಗವನ್ನೇ ಹುಡುಕುತ್ತದೆ: ಕಣ್ಣು, ಗಂಟಲು, ಬೆವರಿದ ಕಂಕುಳು. ಕಣ್ಣಿಗೆ ಬಿದ್ದರೆ ಒಂದು ಸೆಕೆಂಡೂ ಕಾಯದೆ ಶುದ್ಧ ನೀರಿನಲ್ಲಿ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15 ನಿಮಿಷ ತೊಳೆಯಬೇಕು, ಇನ್ನೂ ಹೆಚ್ಚು ಹೊತ್ತಾದರೆ ಒಳ್ಳೆಯದು. ಇದು ಕ್ಷಾರ, ಆದ್ದರಿಂದ ಕಣ್ಣಿನ ಒಳಪದರಕ್ಕೆ ಇಳಿಯುತ್ತಲೇ ಹೋಗುತ್ತದೆ. ಕ್ಷಾರಕ್ಕೆ ಆಮ್ಲ ಎಂದು ಲಿಂಬೆ ರಸ, ವಿನೆಗರ್ ಹಾಕಬಾರದು. ನೀರಷ್ಟೇ ಮದ್ದು. ದ್ರವ ಬಿದ್ದು ಬಟ್ಟೆ ಚರ್ಮಕ್ಕೆ ಹೆಪ್ಪುಗಟ್ಟಿ ಅಂಟಿದ್ದರೆ ಎಳೆದು ತೆಗೆಯಬಾರದು, ಚರ್ಮವೂ ಬರುತ್ತದೆ. ಧಾರಾಳ ನೀರು ಹಾಕಿ ಸಡಿಲವಾದ ಮೇಲೆ ತೆಗೆಯಬೇಕು. ಇದಕ್ಕಾಗಿ ಬಾಗಿಲ ಹೊರಗೆ ಒಂದು ಶವರ್ ಅಥವಾ ಸದಾ ತುಂಬಿರುವ ದೊಡ್ಡ ಡ್ರಮ್ ಇರಬೇಕು.

ಅನಿಲ ಉಸಿರಾಡಿದವರು ‘ಈಗ ಸರಿಯಿದೆ, ಮನೆಗೆ ಹೋಗ್ತೇನೆ’ ಎನ್ನುವುದುಂಟು. ಕಳುಹಿಸಬಾರದು. ಶ್ವಾಸಕೋಶದಲ್ಲಿ ನೀರು ತುಂಬುವ ತೊಂದರೆ ಗಂಟೆಗಳ ನಂತರ, ಕೆಲವೊಮ್ಮೆ ಮರುದಿನವೂ ಕಾಣಿಸಿಕೊಳ್ಳಬಹುದು. ಕೆಮ್ಮು, ದನಿ ಒಡೆಯುವುದು, ಉಬ್ಬಸ ಇದ್ದರೆ 108 ಆಂಬುಲೆನ್ಸ್‌ನಲ್ಲಿ ಕಳುಹಿಸಿ, ಅಮೋನಿಯಾ ಉಸಿರಾಡಿದ್ದಾರೆ ಎಂದು ವೈದ್ಯರಿಗೆ ಹೇಳಿ, ಕನಿಷ್ಠ ಒಂದು ದಿನ ಅವರ ನಿಗಾದಲ್ಲಿಡುವುದು ಸುರಕ್ಷಿತ.

ಸೋರಿಕೆ ನಿಂತು ವಾಸನೆ ಹೋಯಿತೆಂದು ಪ್ಲಾಂಟ್ ಮತ್ತೆ ತೆರೆಯುವಂತಿಲ್ಲ. ಮೀಟರ್‌ನಲ್ಲಿ ಯಂತ್ರದ ಕೋಣೆ, ಟ್ಯಾಂಕ್ ಹಾಲ್, ಮುಚ್ಚಳಗಳ ಕೆಳಗೆ ಮೂರೂ ಕಡೆ 25 ಪಿಪಿಎಂಗಿಂತ ಕಡಿಮೆ ಬರಬೇಕು. ಸೋರಿದ ಜಾಗ ಯಾವುದೆಂದು ಸಿಗಬೇಕು, ರಿಪೇರಿಯಾಗಿ ಒತ್ತಡ ಪರೀಕ್ಷೆ ಪಾಸಾಗಬೇಕು. ಆ ದಿನ ಟ್ಯಾಂಕ್‌ನಲ್ಲಿದ್ದ ಐಸ್ ಮೀನಿಗೂ ಬೇಡ, ಸೋಡಾ ಅಂಗಡಿಗೂ ಬೇಡ. ಮತ್ತೆ ಗ್ಯಾಸ್ ತುಂಬಿಸುವಾಗ ಎಷ್ಟು ಕಿಲೋ ಹಿಡಿಯಿತು ಎಂದು ರಿಜಿಸ್ಟರ್‌ನಲ್ಲಿ ಬರೆದಿಟ್ಟರೆ, ಹೊರಹೋದದ್ದು ಎಷ್ಟು ಎಂಬ ಲೆಕ್ಕ ಅಲ್ಲೇ ಸಿಗುತ್ತದೆ.